ಮದುವೆ ಫೋಟೊದ ಕೆಳಗೆ ಬರೆಯುವ ಎರಡು ಸಾಲು

ಮದುವೆಯ ಫೋಟೊ ಹಾಕಿದ ದಿನ ಸಂಜೆಯೊಳಗೆ ಅದರ ಕೆಳಗೆ ‘ಹ್ಯಾಪಿ ಮ್ಯಾರೀಡ್ ಲೈಫ್’ ಸಾಲುಗಟ್ಟಿ ನಿಂತಿರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ‘ನೂರು ಕಾಲ ಸುಖವಾಗಿ ಬಾಳಿ’. ಬರೆದವರಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ಸಾಲು ಯಾರ ಮದುವೆಗೂ ಹೊಂದುವಂಥದ್ದು, ಹಾಗಾಗಿ ಈ ಇಬ್ಬರಿಗೆಂದೇ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಿಮ್ಮ ಸಾಲನ್ನೂ ಹೀಗೆ ಪರೀಕ್ಷಿಸಬಹುದು: ಫೋಟೊವನ್ನು ಬೆರಳಿನಿಂದ ಮುಚ್ಚಿ, ಬರೆದದ್ದನ್ನಷ್ಟೇ ಓದಿ. ಅದನ್ನು ಎತ್ತಿ ಪಕ್ಕದ ಬೀದಿಯ ಮದುವೆಯ ಫೋಟೊಕ್ಕೆ ಹಾಕಿದರೂ ನಡೆಯುತ್ತದೆ ಎಂದಾದರೆ ಇನ್ನೊಮ್ಮೆ ಬರೆಯಬೇಕು.

ಮೊದಲು ಫೋಟೊ ನೋಡಿ

ಒಂದು ನಿಮಿಷ ಸಾಕು, ಆದರೆ ನಿಜವಾಗಿ ನೋಡಬೇಕು. ಆರತಕ್ಷತೆಯಲ್ಲಿ ಕ್ಯಾಮೆರಾಗೆಂದೇ ನಿಂತ ಚಿತ್ರದಲ್ಲಿ ಹೇಳುವಂಥದ್ದು ಕಡಿಮೆ. ಧಾರೆ, ಅರಿಶಿನ, ಊಟದ ಪಂಕ್ತಿ, ಕಾಶಿಯಾತ್ರೆಯ ಚಿತ್ರಗಳಲ್ಲಿ ಹೆಚ್ಚು. ಇಬ್ಬರ ಮುಖ ನೋಡಿದ ಮೇಲೆ ಕೈಗಳನ್ನು ನೋಡಿ, ಆಮೇಲೆ ಚಿತ್ರದ ಅಂಚಿಗೆ ಹೋಗಿ. ಸೆರಗು ಸರಿಮಾಡುತ್ತಿರುವ ತಂಗಿ, ಹುಡುಗನ ಭುಜದ ಮೇಲೆ ಕೂತ ನಾಲ್ಕು ಕಾಳು ಅಕ್ಷತೆ, ಹಿಂದೆ ಕಣ್ಣೊರೆಸಿಕೊಳ್ಳುತ್ತಿರುವ ಅಪ್ಪ. ಮಂಟಪದಲ್ಲಿ ಕೂತ ಇಬ್ಬರಿಗೂ ಇವು ಕಂಡಿರುವುದಿಲ್ಲ. ಅವರಿಗೆ ಕಾಣದ್ದನ್ನು ನೀವು ಕಂಡು ಹೇಳಿದರೆ ಅವರು ಫೋಟೊವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡುತ್ತಾರೆ. ಒಂದೇ ಒಂದು ವಿವರ ಆರಿಸಿಕೊಳ್ಳಿ. ಮೂರು ಸೇರಿಸಿದರೆ ಅದು ವರದಿಯಾಗುತ್ತದೆ.

ಶಾಸ್ತ್ರದ ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಕೊಡವರ ದಂಪತಿ ಮುಹೂರ್ತದ ಚಿತ್ರಕ್ಕೆ ‘ಧಾರೆ ಚೆನ್ನಾಗಿ ಆಯ್ತು’ ಎಂದೋ ನಿಕಾಹ್‌ನ ಚಿತ್ರಕ್ಕೆ ‘ತಾಳಿ ಕಟ್ಟಿದ ಕ್ಷಣ’ ಎಂದೋ ಬರೆದರೆ, ನೋಡದೆಯೇ ಬರೆದಿದ್ದಾರೆ ಅನ್ನಿಸುತ್ತದೆ. ‘ಹಿರಿಯರು ತಲೆ ಮುಟ್ಟಿ ಹರಸುವಾಗ ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿದ್ದೀರಿ’ ಎಂದು ಕಂಡದ್ದನ್ನು ಹೇಳಿದರೆ ಯಾವ ಮನೆಗೂ ತಪ್ಪಾಗದು.

ಒಂದು ಸಾಲು ಹೇಗೆ ಬೆಳೆಯುತ್ತದೆ

ಫೋಟೊ ಹೀಗಿದೆ ಎಂದುಕೊಳ್ಳೋಣ. ಅಂತರಪಟ ಸರಿದಿದೆ. ಹುಡುಗಿ ಹುಡುಗನ ತಲೆಯ ಮೇಲೆ ಜೀರಿಗೆ-ಬೆಲ್ಲ ಇಡುತ್ತಿದ್ದಾಳೆ. ಅವನು ತುಂಬ ಎತ್ತರ, ಅವಳ ಕೈಗೆ ಎಟುಕಲೆಂದು ಬಾಸಿಂಗ ಜಾರುವಷ್ಟು ಬಗ್ಗಿದ್ದಾನೆ. ಬರೆಯುವವನು ಹುಡುಗನ ಹಾಸ್ಟೆಲ್ ಗೆಳೆಯ.

ಮೊದಲು ಕೈಗೆ ಬರುವುದು ‘ಹ್ಯಾಪಿ ಮ್ಯಾರೀಡ್ ಲೈಫ್ ಮಗಾ’. ಅದನ್ನು ಅಳಿಸಿದ ಮೇಲೆ ಬಹಳ ಜನ ಇನ್ನೊಂದು ತುದಿಗೆ ಹೋಗುತ್ತಾರೆ: ‘ಸ್ವರ್ಗದಲ್ಲೇ ನಿಶ್ಚಯವಾದ ಜೋಡಿ, ನಿಮ್ಮ ಬಾಳು ಹಾಲು-ಜೇನಿನಂತಿರಲಿ’. ಇದು ಉದ್ದವಾಯಿತೇ ಹೊರತು ಬೇರೆಯಾಗಲಿಲ್ಲ. ಒಂದು ಸಿದ್ಧ ಸಾಲಿನ ಜಾಗಕ್ಕೆ ಎರಡು ಸಿದ್ಧ ಸಾಲು ಬಂದವು. ಮೂರನೆಯ ಸಲ ‘ಜೀರಿಗೆ-ಬೆಲ್ಲ ಇಡುವಾಗ ನೀನು ಬಗ್ಗಿದ್ದು ಸೂಪರ್’. ಈಗ ವಿವರ ಬಂತು, ಆದರೆ ಅದು ದಾರಿಹೋಕರೂ ಹೇಳಬಹುದಾದ ಮಾತು. ಗೆಳೆಯನಿಗೆ ಮಾತ್ರ ಗೊತ್ತಿರುವುದು ಇನ್ನೂ ಬಂದಿಲ್ಲ. ನಾಲ್ಕನೆಯ ಸಲ ಹೀಗಾಗುತ್ತದೆ:

‘ಅವರ ಕೈಗೆ ಎಟುಕಲಿ ಅಂತ ಎಷ್ಟು ಬಗ್ಗಿದ್ದೀಯೋ! ಹಾಸ್ಟೆಲಲ್ಲಿ ಯಾರಿಗೆ ಜ್ವರ ಬಂದ್ರೂ ರಾತ್ರಿಯಿಡೀ ಪಕ್ಕ ಕೂರ್ತಿದ್ದವನು ನೀನು. ದೀಪಾವಳಿ ಮುಗಿಸ್ಕೊಂಡು ಇಬ್ಬರೂ ನಮ್ಮ ಮನೆಗೆ ಬನ್ನಿ, ಅಮ್ಮ ಒಬ್ಬಟ್ಟು ಮಾಡ್ತಾರಂತೆ.’

ಇಲ್ಲಿ ಕಂಡದ್ದು ಒಂದು, ಗೊತ್ತಿರುವುದು ಒಂದು, ಮುಂದಿನದು ಒಂದು. ನಡುವಿನ ವಾಕ್ಯದ ಕೆಲಸ ದೊಡ್ಡದು, ಏಕೆಂದರೆ ಅದನ್ನು ಓದುವವರಲ್ಲಿ ಹುಡುಗಿಯೂ ಇದ್ದಾಳೆ. ತಾನು ನೋಡಿರದ ವರ್ಷಗಳಲ್ಲಿ ಗಂಡ ಹೇಗಿದ್ದ ಎಂಬ ಒಂದು ತುಣುಕು ಅವಳಿಗೆ ಸಿಕ್ಕಿತು. ಬಗ್ಗಿದ್ದಕ್ಕೂ ಜ್ವರದ ರಾತ್ರಿಗೂ ನಂಟು ಏನೆಂದು ಬಿಡಿಸಿ ಹೇಳಿಲ್ಲ. ‘ಅಷ್ಟು ಕಾಳಜಿಯ ಹುಡುಗ’ ಎಂದು ಸೇರಿಸಿದ್ದರೆ ಸಾಲು ಸಪ್ಪೆಯಾಗುತ್ತಿತ್ತು. ಕೊನೆಯ ವಾಕ್ಯದಲ್ಲಿ ನೂರು ವರ್ಷದ ಹಾರೈಕೆ ಇಲ್ಲ, ಮೊದಲ ದೀಪಾವಳಿಯ ಗಡುವು ಇದೆ. ಆ ಹಬ್ಬಕ್ಕೆ ಅಳಿಯ ಮಾವನ ಮನೆಗೆ ಹೋಗುತ್ತಾನೆಂಬುದು ಗೊತ್ತಿದ್ದೇ ‘ಮುಗಿಸ್ಕೊಂಡು’ ಎಂದಿದೆ.

ಹಾರೈಕೆಗೆ ಇಂಥ ಹತ್ತಿರದ ದಿನ ಹುಡುಕಿ. ವೈಶಾಖದಲ್ಲಿ ಮದುವೆಯಾಗಿ, ಆಷಾಢಕ್ಕೆ ಹೆಣ್ಣನ್ನು ತವರಿಗೆ ಕರೆತರುವ ಪದ್ಧತಿ ಇರುವ ಮನೆಯಾದರೆ ‘ಆಷಾಢ ಬೇಗ ಕಳೆಯಲಿ’ ಎನ್ನುವ ಮೂರು ಪದ ಇಬ್ಬರ ಮುಖದಲ್ಲೂ ನಗು ತರಿಸುತ್ತದೆ. ಕರೆಯುವುದಾದರೆ ನಿಜವಾಗಿ ಕರೆಯುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

ಉದ್ದ ಎರಡು-ಮೂರು ವಾಕ್ಯ, ಹೆಚ್ಚೆಂದರೆ 25 ಪದ. ಅದಕ್ಕಿಂತ ಬೆಳೆದರೆ ಫೋನಿನ ತೆರೆಯ ಮೇಲೆ ಉಳಿದದ್ದು ಮಡಚಿಕೊಳ್ಳುತ್ತದೆ, ಜನ ಬಿಡಿಸಿ ಓದುವುದಿಲ್ಲ.

ಸಂಬೋಧನೆ

ಒಬ್ಬರು ನಿಮಗೆ ಆಪ್ತರು, ಇನ್ನೊಬ್ಬರು ಅಪರಿಚಿತರು; ಹೆಚ್ಚಿನವರು ತಡವರಿಸುವುದು ಇಲ್ಲೇ. ಗೆಳೆಯನಿಗೆ ‘ಕಣೋ’ ಎನ್ನಬಹುದು, ಅವನ ಹೆಂಡತಿಯನ್ನು ಮೊದಲ ದಿನವೇ ‘ಅವಳು’ ಎನ್ನುವಂತಿಲ್ಲ. ‘ಅವರು’ ಎಂದು ಹೇಳಿ, ಹಾರೈಕೆಯ ವಾಕ್ಯಕ್ಕೆ ‘ಇಬ್ಬರೂ’, ‘ಬನ್ನಿ’ ಬಳಸಿದರೆ ಸಲಿಗೆ, ಗೌರವ ಎರಡೂ ಉಳಿಯುತ್ತವೆ. ಬಳಗದವರಾದರೆ ‘ಅತ್ತಿಗೆ’, ‘ಭಾವ’ ಎಂದು ಕರೆದುಬಿಡಿ. ಹೊಸದಾಗಿ ಮನೆಗೆ ಬಂದವರಿಗೆ ಆ ಒಂದು ಪದವೇ ಹತ್ತಿರವಾಗುತ್ತದೆ. ಕಚೇರಿಯ ಹಿರಿಯರ ಮಗಳ ಮದುವೆಯಾದರೆ ನಿಮಗೆ ಆ ಇಬ್ಬರೂ ಗೊತ್ತಿರುವುದಿಲ್ಲ. ಆಗ ನಡುವಿನ ವಾಕ್ಯ ಬಿಟ್ಟುಬಿಡಿ: ‘ಆರತಿ ತಟ್ಟೆ ಹಿಡಿದ ಅಜ್ಜಿಯ ನಗು ನೋಡಿದರೆ ಮನೆಯಲ್ಲಿ ಎಂಥ ಸಂಭ್ರಮವಿತ್ತೆಂದು ತಿಳಿಯುತ್ತದೆ. ಇಬ್ಬರಿಗೂ ಒಳ್ಳೆಯದಾಗಲಿ.’ ಇಲ್ಲದ ಆಪ್ತತೆಯನ್ನು ತಂದುಕೊಳ್ಳುವುದು ಬೇಡ.

ಕೆಡುವುದು ಎಲ್ಲಿ

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ‘ಮುಗೀತು ನಿನ್ನ ಕಥೆ’, ‘ಇನ್ಮೇಲೆ ಹೆಂಡತಿ ಹೇಳಿದ ಹಾಗೆ ಕೇಳು’ ಎಂಬ ತಮಾಷೆ. ಗೆಳೆಯರ ಗುಂಪಿನಲ್ಲಿ ನಗಬಹುದಾದ ಈ ಮಾತನ್ನು ಇಲ್ಲಿ ಹುಡುಗಿಯ ಅಪ್ಪ-ಅಮ್ಮ, ಸೋದರಮಾವ ಎಲ್ಲರೂ ಓದುತ್ತಾರೆ. ಅವಳು ಬಂದದ್ದೇ ಒಂದು ಹೊರೆ ಎನ್ನುವಂತೆ ಕೇಳುತ್ತದೆ. ಮೈಬಣ್ಣ, ಮೈಕಟ್ಟು, ಹಳೆಯ ಪ್ರೇಮದ ಸುಳಿವು, ‘ಸಿಹಿಸುದ್ದಿ ಯಾವಾಗ’ ಯಾವುದೂ ಬೇಡ. ‘ನಮ್ಮನ್ನು ಕರೀಲೇ ಇಲ್ಲ’ ಎನ್ನುವುದನ್ನು ಹೇಳಲೇಬೇಕಿದ್ದರೆ ಇನ್ನೊಂದು ದಿನ ಫೋನಿನಲ್ಲಿ ಹೇಳಿ. ಮದುವೆಗೆ ಹೋಗಲಾಗದಿದ್ದರೆ ಕಾರಣಗಳ ಪಟ್ಟಿಯೂ ಬೇಡ. ನಾಲ್ಕು ಪದಕ್ಕಿಂತ ಬೆಳೆದರೆ ಮಾತು ಅವರಿಂದ ನಿಮ್ಮ ಕಡೆಗೆ ತಿರುಗುತ್ತದೆ. ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು: ಒಬ್ಬರನ್ನೇ ಹೊಗಳುವುದು. ಮೇಲಿನ ಸಾಲಿನಲ್ಲಿ ಹುಡುಗನ ಗುಣವಿದೆ, ಆದರೆ ‘ಅವರ ಕೈಗೆ ಎಟುಕಲಿ’, ‘ಇಬ್ಬರೂ’ ಎಂಬಲ್ಲಿ ಹುಡುಗಿಯೂ ಇದ್ದಾಳೆ. ಅವಳಿಲ್ಲದ ಸಾಲನ್ನು ಅವಳ ಮದುವೆಯ ಫೋಟೊದ ಕೆಳಗೆ ಹಾಕಬಾರದು.

ಹಾಕುವ ಮುನ್ನ ಕಾಗುಣಿತ ನೋಡಿ. ಶುಭ ಮತ್ತು ಆಶಯ ಸೇರಿ ‘ಶುಭಾಶಯ’, ಅದು ‘ಶುಭಾಷಯ’ ಅಲ್ಲ. ‘ಹಾರ್ದಿಕ’ದಲ್ಲಿ ಮಹಾಪ್ರಾಣವಿಲ್ಲ. ಹೆಸರು ಬರೆಯುವುದಾದರೆ ಲಗ್ನಪತ್ರಿಕೆಯಲ್ಲಿ ಇದ್ದ ಹಾಗೆಯೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸಿದರೆ ಹಿರಿಯರಿಗೆ ಓದುವುದು ಕಷ್ಟ. ಅದೇ ಸಾಲನ್ನು ಕನ್ನಡದ ಕೀಲಿಮಣೆಯಲ್ಲಿ ಬರೆದರೆ ಅಜ್ಜನಿಗೂ ಓದಿ ಹೇಳುತ್ತಾರೆ.

ಅವಸರವೇನೂ ಇಲ್ಲ. ಮೊದಲ ದಿನ ನೂರಾರು ಸಾಲುಗಳ ನಡುವೆ ನಿಮ್ಮದು ಕಳೆದುಹೋಗುತ್ತದೆ. ನಾಲ್ಕು ದಿನ ಬಿಟ್ಟು, ನೆಂಟರೆಲ್ಲ ಊರಿಗೆ ಹೊರಟುಹೋಗಿ ಚಪ್ಪರ ಬಿಚ್ಚಿದ ಮೇಲೆ ಬಂದ ಸಾಲನ್ನು ಇಬ್ಬರೂ ಪಕ್ಕಪಕ್ಕ ಕೂತು ನಿಧಾನವಾಗಿ ಓದುತ್ತಾರೆ.