ಕೋಳಿಗೆ ಹಚ್ಚಿದ ಅರಿಶಿಣ ಎಲ್ಲೆಲ್ಲಿ ಹತ್ತಿತ್ತು

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ರೊಟ್ಟಿ, ಕೋಳಿ ಸಾರು, ಭಾನುವಾರ ಖೀಮಾ. ತಾಟಿನ ಬದಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಸಿಕ್ಕ ದಿನ ಹಕ್ಕರಕಿ ತಪ್ಪಲು. ಊಟಕ್ಕೆ ಬರುವವರು ಮಾಂಸ ಬೆಂದಿದೆಯೋ ಇಲ್ಲವೋ ಎಂದು ನೋಡುತ್ತಾರೆ. ನನ್ನ ಕಣ್ಣು ಇರುವುದು ಆ ಹಸಿ ತಪ್ಪಲಿನ ಮೇಲೆ. ಹಸಿ ಕೋಳಿಯ ಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ರೋಗಾಣು ಇದ್ದರೂ ತುಂಡಿನ ಒಳಗಿನವರೆಗೆ 74 ಡಿಗ್ರಿ ಕಾವು ಹೋದರೆ ಸಾಯುತ್ತವೆ. ಕುದಿಯುವ ಸಾರಿನಲ್ಲಿ ಅದೇನು ದೊಡ್ಡ ಮಾತಲ್ಲ. ಅವೇ ಸೌತೆಕಾಯಿಗೆ ಹತ್ತಿದರೆ ಒಲೆಯನ್ನೇ ಕಾಣದೆ ನೇರ ಹೊಟ್ಟೆಗೆ ಹೋಗುತ್ತವೆ. ಹೊಟ್ಟೆ ಕೆಡುವುದು ಎಷ್ಟೋ ಸಲ ಎರಡು ಮೂರು ದಿನ ಬಿಟ್ಟು. ಅಷ್ಟರಲ್ಲಿ ಉಂಡವರು ನಮ್ಮ ಸೌತೆಕಾಯಿಯನ್ನು ಮರೆತು, ನಿನ್ನೆ ತಿಂದ ಗಿರ್ಮಿಟ್ಟಿಗೆ ಬೈಯುತ್ತಿರುತ್ತಾರೆ.

ಸಾಮಾನು ಬೇರೆ ಮಾಡುವುದು ಹಗುರಾಗಿ ಆಯಿತು. ತರಕಾರಿಗೆ ನಮ್ಮಲ್ಲಿ ಮೊದಲಿಂದಲೂ ಈಳಿಗೆಯೇ. ಅದರ ಹತ್ತಿರ ಮಾಂಸ ಸುಳಿಯುವಂತಿಲ್ಲ. ಮೂಲಂಗಿ, ಸೌತೆಕಾಯಿ ಹೆಚ್ಚಲು ಹಸಿರು ಪ್ಲಾಸ್ಟಿಕ್ ಹಲಗೆ, ಹಸಿರು ಹಿಡಿಕೆಯ ಚಾಕು. ಮಾಂಸಕ್ಕೆ ಕೆಂಪು ಹಲಗೆ, ಕೆಂಪು ಹಿಡಿಕೆ, ಅದೂ ಹಿತ್ತಲಿನ ಕಟ್ಟೆಯ ಮೇಲೆ. ಕೋಳಿಯನ್ನು ಅಂಗಡಿಯಲ್ಲೇ ಸಾರಿನ ತುಂಡು ಮಾಡಿಸಿ ತರುತ್ತೇವೆ, ಹಾಗಾಗಿ ಕೆಂಪು ಹಲಗೆಗೆ ಕೆಲಸವೂ ಕಡಿಮೆ. ಸಾರಿನ ಉಳ್ಳಾಗಡ್ಡಿ ಹೇಗೂ ಬೇಯುತ್ತದೆ, ಕೆಂಪು ಹಲಗೆಯ ಮೇಲೆ ಹೆಚ್ಚಿದರೇನು ಎಂದು ಕೇಳುವವರಿದ್ದಾರೆ. ಬೇಯುವುದು ಖರೆ. ಆದರೆ ಮಧ್ಯಾಹ್ನ ಗಿರಾಕಿ ಹೆಚ್ಚಾದಾಗ ಉಳಿದ ಆ ಉಳ್ಳಾಗಡ್ಡಿಯನ್ನು ಯಾರೋ ಒಬ್ಬರು ತಾಟಿಗೆ ಹಾಕಿಯೇ ಹಾಕುತ್ತಾರೆ. ಅದಕ್ಕೇ ಬೇಡ.

ಕಷ್ಟ ಇದ್ದದ್ದು ಕೈಯಲ್ಲಿ. ಹಲಗೆ ಇಟ್ಟಲ್ಲಿ ಇರುತ್ತದೆ, ಕೈ ಇರುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿ ಚುರುಕು, ಸ್ವಚ್ಛ. "ಕೋಳಿ ಮುಟ್ಟಿದ ಕೈ ತೊಳಕೊ" ಅಂದರೆ ತೊಳೆಯುತ್ತಿದ್ದಳು. ತೊಳೆಯುವ ಮುಂಚೆ ಆ ಕೈ ಎಲ್ಲೆಲ್ಲಿ ತಿರುಗಿ ಬಂತು ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಮುಂಜಾನೆ ಕೋಳಿಗೆ ಹಚ್ಚುವ ಅರಿಶಿಣವನ್ನು ಬೇಕೆಂದೇ ಜಾಸ್ತಿ ಕೊಟ್ಟು, ಎಂದಿನಂತೆ ಕೆಲಸ ಮಾಡಲು ಹೇಳಿ ಸುಮ್ಮನೆ ನಿಂತೆ. ಮುಗಿದ ಮೇಲೆ ಇಬ್ಬರೂ ಹಳದಿ ಹುಡುಕುತ್ತ ಹೊರಟೆವು. ಉಪ್ಪಿನ ಡಬ್ಬಿಯ ಮುಚ್ಚಳ, ಉಪ್ಪಿನೊಳಗಿನ ಚಮಚ, ಗ್ಯಾಸಿನ ಗುಬ್ಬಿ, ಫ್ರಿಜ್ಜಿನ ಹಿಡಿಕೆ, ಹೆಗಲ ಮೇಲಿನ ಅರಿವೆ, ನೀರಿನ ಡ್ರಮ್ಮಿನಲ್ಲಿ ಮುಳುಗಿಸುವ ಚರಿಗೆಯ ಕಂಠ.

"ಅಕ್ಕಾರ, ಫ್ರಿಜ್ ನಾ ಮುಟ್ಟೇ ಇಲ್ರೀ!"

"ಮುಟ್ಟೀಯವ್ವಾ, ನಿಂಬಿಹಣ್ಣು ತಗೀಲಿಲ್ಲೇನ?"

ಆ ಹಳದಿಯನ್ನೇ ಹಿಡಿದು ಒಂದೊಂದನ್ನೂ ಸರಿ ಮಾಡಿದೆವು. ಈಗ ಕೋಳಿಗೆ ಬೇಕಾದ ಉಪ್ಪು, ಅರಿಶಿಣ, ಖಾರ, ಹಿಂಡಿದ ನಿಂಬೆರಸ ಮೊದಲೇ ಸಣ್ಣ ಬಟ್ಟಲುಗಳಲ್ಲಿ ಹಿತ್ತಲಿಗೆ ಹೋಗುತ್ತವೆ. ಬಟ್ಟಲಲ್ಲಿ ಉಳಿದದ್ದು ಡಬ್ಬಿಗೆ ವಾಪಸ್ ಬರುವುದಿಲ್ಲ, ಸಾರಿಗೇ ಬೀಳುತ್ತದೆ. ಕೋಳಿಯನ್ನು ನಳದ ಕೆಳಗೆ ಹಿಡಿದು ತೊಳೆಯುವುದನ್ನೂ ಬಿಟ್ಟೆವು. ಸಿಡಿಯುವ ಹನಿ ಸುತ್ತಲಿನ ಪಾತ್ರೆಗೆಲ್ಲ ಹೋಗುತ್ತದೆ. ರಕ್ತ, ಎಲುಬಿನ ಚೂರು ಇದ್ದರೆ ಬೋಗುಣಿಯ ನೀರಲ್ಲಿ ಮೆಲ್ಲಗೆ ಅದ್ದಿ ತೆಗೆಯುತ್ತೇವೆ.

ಎಲ್ಲಕ್ಕಿಂತ ತಲೆನೋವಾಗಿದ್ದು ನೀರು. ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ, ಡ್ರಮ್ಮಿನಲ್ಲಿ ತುಂಬಿಡಬೇಕು. ಕೋಳಿ ಕೈಯಿಂದ ಚರಿಗೆ ಅದ್ದಿದರೆ ಇಡೀ ಡ್ರಮ್ಮೇ ಕೆಟ್ಟಂತೆ, ಸೌತೆಕಾಯಿ ತೊಳೆಯುವುದೂ ಅದೇ ನೀರಲ್ಲಿ. ಡ್ರಮ್ಮನ್ನು ಕಟ್ಟೆಯ ಮೇಲೇರಿಸಿ, ಬುಡಕ್ಕೆ ಉದ್ದ ಹಿಡಿಕೆಯ ನಳ ಕೂಡಿಸಿದೆ, ಮೊಣಕೈಯಿಂದ ತೆರೆದು ಬಂದ್ ಮಾಡುವಂಥದ್ದು. ಸಾಬೂನಿನ ಬಾಟಲಿಯನ್ನು ಹೊಲಸು ಕೈಯಿಂದ ಒತ್ತಿದರೆ ಚಿಂತೆಯಿಲ್ಲ, ಆಮೇಲೆ ಕೈ ತೊಳೆಯುವುದು ಇದ್ದೇ ಇದೆ. ನಳ ಹಾಗಲ್ಲ, ತೊಳೆದ ಕೈಯಿಂದಲೇ ಅದನ್ನು ಬಂದ್ ಮಾಡಬೇಕಾಗುತ್ತದೆ. ಸಾಬೂನು ಹಚ್ಚಿ 20 ಸೆಕೆಂಡ್, ಉಗುರಿನ ಸಂದಿ, ಹೆಬ್ಬೆರಳ ಸುತ್ತ ಉಜ್ಜಬೇಕು. ಉಗುರಲ್ಲಿ ಇನ್ನೂ ಹಳದಿ ಕಂಡರೆ ಮತ್ತೊಮ್ಮೆ. ಅರಿಶಿಣದ ಕಲೆ ಹಟಮಾರಿ, ಕೈ ಶುದ್ಧವಾದರೂ ತುಸು ಉಳಿಯುತ್ತದೆ. ಹಾಗೆಂದು ಕಲೆ ಇಲ್ಲದ ಕೈ ಶುದ್ಧ ಎಂದೂ ಹೇಳಲಾಗದು, ಅದು ಕೈ ಹೋದ ದಾರಿ ತೋರಿಸುತ್ತದೆ ಅಷ್ಟೇ.

ಸಂಜೆ ಕೆಂಪು ಹಲಗೆಯನ್ನು ಮೊದಲು ಸಾಬೂನಿನಿಂದ ತಿಕ್ಕಿ ಜಿಡ್ಡು ತೆಗೆಯುತ್ತೇವೆ. ಜಿಡ್ಡಿನ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಜಿಡ್ಡಿಗೇ ಖರ್ಚಾಗುತ್ತದೆ. ಆಮೇಲೆ ಲೀಟರ್ ನೀರಿಗೆ ಒಂದು ಸಣ್ಣ ಚಮಚ ವಾಸನೆ ಬೆರೆಸದ ದ್ರವ ಬ್ಲೀಚ್ (ಬಾಟಲಿಯ ಮೇಲೆ 4 ಪ್ರತಿಶತ ಎಂದಿರುವುದು), ಎರಡು ನಿಮಿಷ ಹಲಗೆ ತೊಯ್ದಿರಬೇಕು, ನಂತರ ನಿಲ್ಲಿಸಿ ಗಾಳಿಗೆ ಒಣಗಿಸುವುದು. ಅರಿವೆಯಿಂದ ಒರೆಸುವುದಿಲ್ಲ. ಕತ್ತಿಯ ಗೀರಿಗೆ ಉಗುರು ಸಿಕ್ಕಿಕೊಳ್ಳತೊಡಗಿತೆಂದರೆ ತಿಕ್ಕಿದರೂ ಒಳಗಿನದು ಹೋಗುವುದಿಲ್ಲ, ಆ ಹಲಗೆ ಗುಜರಿಗೆ ಹೋಗುತ್ತದೆ.