ಐದು ವರ್ಷದ ಮೇಲೆ ಮೇಡಂಗೆ ಒಂದು ಮೆಸೇಜ್

ನನ್ನ ಮೊದಲ ಕೆಲಸದಲ್ಲಿ ಪಕ್ಕದ ಸೀಟಿನಲ್ಲಿದ್ದ ಮೇಡಂ, ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ಪ್ರಾಡಕ್ಟ್ ಮ್ಯಾನೇಜರ್ ಆಗಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿದ್ದು ಲಿಂಕ್ಡ್‌ಇನ್‌ನಲ್ಲಿ ಕಂಡಿತು. ಮಾತಾಡಿ ಐದು ವರ್ಷವಾಗಿತ್ತು. ಜಗಳವೇನಿಲ್ಲ. ನಾನು ಕಂಪನಿ ಬಿಟ್ಟೆ, ಮಾತೂ ಹಾಗೇ ನಿಂತಿತು.

ಅಭಿನಂದನೆಯ ಬಟನ್ ಕಣ್ಣೆದುರೇ ಇತ್ತು. ಒತ್ತಲಿಲ್ಲ. ನಾನು ಕೆಲಸ ಬದಲಿಸಿದಾಗ ಅಂಥವು ರಾಶಿ ಬಂದಿದ್ದವು, ಎಲ್ಲಕ್ಕೂ ಒಂದೇ ‘ಥ್ಯಾಂಕ್ಸ್’ ಹಾಕಿ ಮರೆತಿದ್ದೆ. ಒಂದು ತಿಂಗಳು ಬಿಟ್ಟೆ. ಮೊದಲ ವಾರಗಳಲ್ಲಿ ಹೊಸಬರ ಹೆಸರು ನೆನಪಿಟ್ಟುಕೊಳ್ಳುವುದರಲ್ಲೇ ಸಾಕಾಗಿರುತ್ತದೆ.

ಹಿಂದೊಮ್ಮೆ ಇನ್ನೊಬ್ಬ ಗೆಳತಿಗೆ ಸುಮ್ನೆ ‘ಹೇಗಿದ್ದೀಯಾ?’ ಅಂತ ಕಳಿಸಿ ಕೆಟ್ಟಿದ್ದೆ. ‘ಚೆನ್ನಾಗಿದ್ದೀನಿ, ನೀನು?’ ಅಂದಳು. ಅಲ್ಲಿಗೆ ಮುಗಿಯಿತು. ಇಷ್ಟು ದಿನ ಇಲ್ಲದವಳು ಈಗ್ಯಾಕೆ, ಸಾಲ ಕೇಳ್ತಾಳಾ ಅಂದುಕೊಂಡಿರಬೇಕು ಪಾಪ.

ಮೇಡಂಗೆ ಬರೆದ ಮೊದಲ ಪ್ರತಿಯಲ್ಲಿ ಮೂರು ಸಾಲು ಕ್ಷಮೆಯೇ ಇತ್ತು. ಅದಕ್ಕೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಅಲ್ವಾ? ತೆಗೆದೆ. ‘ಕಾಫಿಗೆ ಸಿಗೋಣ’ ಕೂಡ ತೆಗೆದೆ. ನಾನಿರುವುದು ಯಲಹಂಕದಲ್ಲಿ, ಎರಡು ಮಾತು ಆಡುವ ಮೊದಲೇ ಅರ್ಧ ದಿನ ಕೇಳಿದ ಹಾಗಾಗುತ್ತದೆ. ಹಳೆಯ ನಂಬರಿಗೆ ವಾಟ್ಸಾಪ್‌ನಲ್ಲಿ ಕೊನೆಗೆ ಹೋಗಿದ್ದು ಇಷ್ಟು:

“ಮೇಡಂ, ನಾನು ಜಯನಗರದ ಆಫೀಸಲ್ಲಿ ನಿಮ್ಮ ಪಕ್ಕ ಕೂರ್ತಿದ್ದ ಸುಮಾ. ಮೊನ್ನೆ ಹೊಸ ಹುಡುಗನಿಗೆ ಬಗ್ ರಿಪೋರ್ಟ್ ಬರೆಯೋದು ಹೇಳಿಕೊಡ್ತಿದ್ದೆ. ‘ಏನು ಮಾಡಿದೆ, ಏನಾಗಬೇಕಿತ್ತು, ಏನಾಯ್ತು, ಮೂರೇ ಸಾಲು’ ಅನ್ನೋ ನಿಮ್ಮ ಮಾತೇ ಬಾಯಿಗೆ ಬಂತು. ನೀವು ಪ್ರಾಡಕ್ಟ್ ಕಡೆ ಹೋಗಿದ್ದು ನೋಡಿ ಖುಷಿಯಾಯ್ತು. ಒಂದು ಕುತೂಹಲ: ಈಗ ಬಗ್ ಬಂದ್ರೆ ಟೆಸ್ಟರ್ ಕಡೆ ನಿಲ್ತೀರಾ, ರಿಲೀಸ್ ಡೇಟ್ ಕಡೆನಾ? ಬಿಡುವಾದಾಗ ಹೇಳಿ, ಅವಸರ ಇಲ್ಲ.”

ಹೆಸರನ್ನು ಮೊದಲೇ ಹಾಕಿದ್ದಕ್ಕೆ ಕಾರಣ ಇದೆ. ಫೋನ್ ಬದಲಿಸಿದವರ ಹತ್ತಿರ ನಮ್ಮ ನಂಬರ್ ಉಳಿದಿರುವುದಿಲ್ಲ. ಮೂರು ಸಾಲಿನ ಮಾತು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದದ್ದು, ನೂರು ಜನಕ್ಕೆ ಕಳಿಸಿದ ಮೆಸೇಜ್ ಅನಿಸುವ ಹಾಗಿಲ್ಲ. ‘ಹೊಸ ಕೆಲಸ ಹೇಗಿದೆ’ ಅಂದರೆ ‘ಚೆನ್ನಾಗಿದೆ’ ಅನ್ನಬಹುದು. ಯಾರ ಕಡೆ ಅಂತ ಕೇಳಿದರೆ ಹಾಗೆ ಜಾರಿಕೊಳ್ಳೋಕಾಗಲ್ಲ.

ನನಗೆ ಅವರ ಕಂಪನಿಯಲ್ಲಿ ಕೆಲಸ ಬೇಕಿರಲಿಲ್ಲ. ಬೇಕಿದ್ದಿದ್ದರೆ ಅದನ್ನೇ ನೇರವಾಗಿ ಬರೆಯುತ್ತಿದ್ದೆ. ಹಳೆಯ ನೆನಪು ತೆಗೆದು ನಾಲ್ಕನೇ ಮೆಸೇಜಿಗೆ ರೆಸ್ಯೂಮೆ ಕಳಿಸುವವರನ್ನು ಕಂಡರೆ ನನಗೂ ಆಗಲ್ಲ.

ನೀಲಿ ಟಿಕ್ ಬಂತು. ನಾಲ್ಕು ದಿನ ಸದ್ದಿಲ್ಲ. ಇನ್ನೊಂದು ಕಳಿಸಲು ಕೈ ತುರಿಸಿತು, ತಡೆದೆ. ಭಾನುವಾರ ಎರಡು ನಿಮಿಷದ ವಾಯ್ಸ್ ನೋಟ್ ಬಂತು. “ಬೆಳಿಗ್ಗೆ ಟೆಸ್ಟರ್ ಕಡೆ, ಸಂಜೆ ಡೇಟ್ ಕಡೆ ಕಣೇ!” ಆಮೇಲೆ ಆರ್.ವಿ. ರಸ್ತೆಯಿಂದ ಹಳದಿ ಮೆಟ್ರೋ ಹತ್ತುವುದು, ಸಿಲ್ಕ್ ಬೋರ್ಡ್ ಟ್ರಾಫಿಕ್ಕನ್ನು ಮೇಲಿಂದ ನೋಡಿ ನಗುವುದು, ಮಗನ ಹತ್ತನೇ ಕ್ಲಾಸು. ಕೊನೆಗೊಂದು ಪ್ರಶ್ನೆ: “ನೀನಿನ್ನೂ ಟೆಸ್ಟಿಂಗ್‌ನಲ್ಲೇ ಯಾಕಿದ್ದೀಯಾ?”

ಉತ್ತರ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು.