ಒಂದು ಬಲೆಯಿಂದ ಆರಂಭಿಸಿದ ಟ್ರೀಟ್‌ಮೆಂಟ್

ನದಿಯಲ್ಲಿ ಮೀನು ಹಿಡಿದು ಬದುಕುವ ಎರಡು ಕುಟುಂಬಗಳ ಕುರಿತು 12 ನಿಮಿಷಗಳ ಸಾಕ್ಷ್ಯಚಿತ್ರ ಮಾಡಲು ಧನಸಹಾಯ ಕೋರಿ ನಾನು ಬರೆದ ಮೊದಲ ಟ್ರೀಟ್‌ಮೆಂಟ್, ಅಂದರೆ ಚಿತ್ರ ತೆರೆಯ ಮೇಲೆ ಹೇಗೆ ಮೂಡುತ್ತದೆ ಎಂದು ವಿವರಿಸುವ ಬರಹ, ತಿರಸ್ಕೃತವಾಯಿತು. ಕಾರಣ ಕೇಳಿದಾಗ ಆಯ್ಕೆಗಾರರಲ್ಲೊಬ್ಬರು, “ವಿಷಯ ತಿಳಿಯಿತು, ಚಿತ್ರ ಕಾಣಲಿಲ್ಲ” ಎಂದರು. ಆರು ಪುಟಗಳನ್ನು ಮತ್ತೆ ಓದಿ ನೋಡಿದೆ. ಅಣೆಕಟ್ಟು, ಮಾಲಿನ್ಯ, ಸಾಲ, ವಲಸೆ ಎಲ್ಲವೂ ಅದರಲ್ಲಿದ್ದವು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಎರಡನೆಯ ಸಲ ಬರೆಯುವ ಮುನ್ನ ಒಂದು ಕುಟುಂಬದೊಡನೆ ನಾಲ್ಕು ದಿನ ಕಳೆದೆ. ಕ್ಯಾಮೆರಾ ಒಯ್ಯಲಿಲ್ಲ, ಧ್ವನಿಮುದ್ರಣದ ಪುಟ್ಟ ಯಂತ್ರವನ್ನಷ್ಟೇ ಒಯ್ದಿದ್ದೆ. ಸಂಜೆ ಹೊಳೆಗೆ ಬಿಟ್ಟ ಬಲೆಯನ್ನು ಗಂಡ ಹೆಂಡತಿ ಇಬ್ಬರೂ ನಸುಕಿನಲ್ಲಿ ಎತ್ತುತ್ತಿದ್ದರು. ಆತ ದೋಣಿಯನ್ನು ಹಿಡಿತದಲ್ಲಿಡುತ್ತಿದ್ದ. ಆಕೆ ಬಲೆಯ ಕಣ್ಣಿನಲ್ಲಿ ಕಿವಿರು ಸಿಕ್ಕಿಕೊಂಡ ಮೀನನ್ನು, ನೂಲು ಹರಿಯದಂತೆ, ಹೆಬ್ಬೆರಳಿನ ಉಗುರಿನಿಂದ ಬಿಡಿಸುತ್ತಿದ್ದಳು. ದಡದಲ್ಲಿ ಕಾದಿದ್ದ ವ್ಯಾಪಾರಿ ಮೀನನ್ನು ತೂಗಿ, ದರವನ್ನು ಬಾಯಲ್ಲಿ ಹೇಳದೆ ಪುಸ್ತಕದಲ್ಲಿ ಬರೆದುಕೊಂಡ. ಆ ಬಲೆಯನ್ನು ಕೊಳ್ಳಲು ಮುಂಗಡ ಕೊಟ್ಟವನು ಅವನೇ ಆದ್ದರಿಂದ ಮೀನನ್ನು ಬೇರೆಯವರಿಗೆ ಮಾರುವಂತಿರಲಿಲ್ಲ. ನನ್ನ ಮೊದಲ ಬರಹದಲ್ಲಿ ಒಂದು ಪುಟ ತುಂಬಿದ್ದ ‘ಸಾಲದ ಸಮಸ್ಯೆ’ ಇಲ್ಲಿ ಒಂದು ತಕ್ಕಡಿ, ಒಂದು ಪುಸ್ತಕ ಮತ್ತು ಯಾರೂ ಆಡದ ಮಾತಾಗಿ ಕಣ್ಣೆದುರಿಗಿತ್ತು.

ಹೊಸ ಟ್ರೀಟ್‌ಮೆಂಟನ್ನು ಆ ಬೆಳಗಿನಿಂದಲೇ, ವರ್ತಮಾನ ಕಾಲದಲ್ಲಿ ಆರಂಭಿಸಿದೆ. ಮೊದಲು “ಮೀನುಗಾರರು ಮಧ್ಯವರ್ತಿಗಳ ಹಿಡಿತದಲ್ಲಿದ್ದಾರೆ” ಎಂದಿದ್ದ ಕಡೆ ಹೀಗೆ ಬರೆದೆ: “ಕತ್ತಲು. ಹುಟ್ಟು ನೀರಿಗೆ ಬೀಳುವ ಸದ್ದು. ಟಾರ್ಚಿನ ಬೆಳಕಿನ ವೃತ್ತದೊಳಗೆ ಎರಡು ಕೈಗಳು ಬಲೆಯನ್ನು ಎಳೆಯುತ್ತವೆ. ದಡದಲ್ಲಿ ತಕ್ಕಡಿ ನಿಲ್ಲುವ ಮೊದಲೇ ಪೆನ್ನು ಚಲಿಸುತ್ತದೆ. ಆಕೆ ಪುಸ್ತಕವನ್ನಲ್ಲ, ಬಲೆಯಲ್ಲಿ ಹರಿದ ಜಾಗವನ್ನು ನೋಡುತ್ತಾಳೆ.” ಕಾಣುವ ಅಥವಾ ಕೇಳುವ ಸಂಗತಿ ಇಲ್ಲದ ವಾಕ್ಯವನ್ನೆಲ್ಲ ಹೊಡೆದುಹಾಕಿದಾಗ ಆರು ಪುಟಗಳು ಮೂರೂವರೆಗೆ ಇಳಿದವು. ಅಣೆಕಟ್ಟಿನ ಇತಿಹಾಸವನ್ನು ಬಿಡುವುದು ನನಗೆ ಕಷ್ಟವಾಯಿತು, ಏಕೆಂದರೆ ಅದಕ್ಕಾಗಿ ವಾರಗಟ್ಟಲೆ ಓದಿದ್ದೆ. ಅದರಿಂದ ಉಳಿಸಿಕೊಂಡದ್ದು ಒಂದೇ ದೃಶ್ಯ: ಅಜ್ಜಿ ದಡದ ಕಲ್ಲಿನ ಮೇಲಿನ ಒದ್ದೆಯ ಗುರುತನ್ನು ದಿನಕ್ಕೆರಡು ಸಲ ನೋಡಿ ಬರುತ್ತಾಳೆ. ಮೇಲಿನಿಂದ ಹಠಾತ್ತನೆ ನೀರು ಬಿಟ್ಟರೆ ಬಲೆ ಕೊಚ್ಚಿಹೋಗುತ್ತದೆ. ಸಾಲ ತೀರುವ ಮೊದಲೇ ಹೊಸ ಬಲೆಗೆ ಮತ್ತೆ ಮುಂಗಡ ಪಡೆಯಬೇಕಾಗುತ್ತದೆ.

ಸಾಕ್ಷ್ಯಚಿತ್ರದಲ್ಲಿ ಮುಂದೆ ನಡೆಯುವುದನ್ನು ಮೊದಲೇ ಬರೆಯಲಾಗದು, ಆದರೂ ಅಂತ್ಯ ಏನೆಂದು ಹಣ ಕೊಡುವವರು ಕೇಳುತ್ತಾರೆ. ಮೊದಲ ಸಲ ನಾನು ಬಲೆ ಕೊಚ್ಚಿಹೋಗುವ ದೃಶ್ಯವನ್ನು ಖಚಿತವೆಂಬಂತೆ ಬರೆದಿದ್ದೆ. ಅನುಭವಸ್ಥರಾದ ಯಾರಿಗೂ ಅದು ಸುಳ್ಳೆಂದು ತಿಳಿಯುವಂತಿತ್ತು. ಎರಡನೆಯ ಸಲ ನಿತ್ಯವೂ ನಡೆಯುವ ಬಲೆ ಎತ್ತುವಿಕೆ, ತೂಕ, ಬಲೆ ಹೆಣಿಗೆ ಮತ್ತು ಕಲ್ಲಿನ ಗುರುತುಗಳನ್ನು ಚಿತ್ರದ ಬೆನ್ನೆಲುಬು ಎಂದು ಹೇಳಿ, ಚಿತ್ರೀಕರಣದ ಎಂಟು ದಿನಗಳಲ್ಲಿ ನೀರು ಬಂದರೆ ಚಿತ್ರ ಎಲ್ಲಿ ಮುಗಿಯುತ್ತದೆ, ಬಾರದಿದ್ದರೆ ಎಲ್ಲಿ ಮುಗಿಯುತ್ತದೆ ಎಂದು ಎರಡು ಪುಟ್ಟ ಪ್ಯಾರಾಗಳಲ್ಲಿ ಬರೆದೆ.

ಕುಟುಂಬದ ಒಪ್ಪಿಗೆಯ ವಿಚಾರದಲ್ಲಿ ನಾನು ಎಡವಿದ್ದೆ. ಟ್ರೀಟ್‌ಮೆಂಟ್ ನಮಗೆ ಗುರುತಿಲ್ಲದ ಹಲವರ ಕೈಗೆ ಹೋಗುವ ಕಾಗದ. ಅದರಲ್ಲಿ ವ್ಯಾಪಾರಿಯ ಗುರುತು ಹತ್ತುವಂತೆ ಬರೆದಿದ್ದನ್ನು ಓದಿ ಹೇಳಿದಾಗ ಆಕೆ, “ನೀವು ಹೋಗ್ತೀರಿ, ನಾಳೆ ಬೆಳಿಗ್ಗೆ ಅವರ ಮುಂದೆ ನಿಲ್ಲೋದು ನಾವು” ಎಂದಳು. ಆತನ ಮುಖ ತೋರಿಸುವುದಿಲ್ಲ, ತಕ್ಕಡಿ ಮತ್ತು ಕೈಯಷ್ಟೇ ಕಾಣುತ್ತವೆ ಎಂದು ತಿದ್ದಿದೆ. ಒಪ್ಪಿಗೆಯ ಕಾರಣಕ್ಕೆ ಬಂದ ಈ ಬದಲಾವಣೆಯಿಂದ ದೃಶ್ಯಕ್ಕೆ ಮೊದಲಿಗಿಂತ ಹೆಚ್ಚು ಬಿಗಿ ಬಂದಿತು. ಎರಡನೆಯ ಕುಟುಂಬ ಬಲೆ ಎತ್ತುವುದನ್ನು ಚಿತ್ರಿಸಲು ಒಪ್ಪಿ, ಮನೆಯೊಳಗೆ ಬೇಡವೆಂದಿತು. ಅದನ್ನೂ ಹಾಗೆಯೇ ದಾಖಲಿಸಿದೆ.

ಟ್ರೀಟ್‌ಮೆಂಟಿನ ಜೊತೆಗೆ, ಆಮೇಲೆ ಒಂದು ನಸುಕಿನಲ್ಲಿ ಚಿತ್ರಿಸಿದ 90 ಸೆಕೆಂಡುಗಳ ತುಣುಕನ್ನೂ ಕಳುಹಿಸಿದೆ. ಸಂಗೀತ ಹಾಕಲಿಲ್ಲ. ಅಷ್ಟು ಕಡಿಮೆ ಬೆಳಕಿನಲ್ಲಿ, ಅಲುಗುವ ದೋಣಿಯಲ್ಲಿ ನಮ್ಮ ಕ್ಯಾಮೆರಾಕ್ಕೆ ಏನು ಸಿಗುತ್ತದೆ ಎಂಬುದನ್ನು ಮಾತಿನಲ್ಲಿ ಭರವಸೆ ಕೊಡುವುದಕ್ಕಿಂತ ತೋರಿಸುವುದೇ ಸುಲಭವಾಗಿತ್ತು. ಚಿತ್ರ ಸ್ವಲ್ಪ ಕಾಳುಕಾಳಾಗಿತ್ತು; ಆ ಬಗ್ಗೆ ಆಯ್ಕೆಗಾರರು ಏನನ್ನೂ ಕೇಳಲಿಲ್ಲ. ಕೇಳಿದ್ದು ಎರಡೇ: ಆಕೆ ಇದನ್ನು ನೋಡಿದ್ದಾಳೆಯೇ, ಮತ್ತು ನೀರು ಬಾರದಿದ್ದರೆ? ಮೊದಲನೆಯದಕ್ಕೆ ಹೌದೆಂದೆ, ಎರಡನೆಯದಕ್ಕೆ ಬರೆದಿದ್ದ ಪ್ಯಾರಾವನ್ನೇ ಓದಿದೆ.

ಹಣ ಮಂಜೂರಾಯಿತು. ಆ ಎಂಟು ದಿನಗಳಲ್ಲಿ ನೀರು ಬರಲಿಲ್ಲ. ಚಿತ್ರ ಮುಗಿಯುವುದು ಕಲ್ಲಿನ ಗುರುತು ನೋಡಿ ಹಿಂತಿರುಗುವ ಅಜ್ಜಿಯ ಬೆನ್ನಿನ ಮೇಲೆ.